ಅಂಕೆ ಜಾಸ್ತಿ ಆಯ್ತು ಮಾರಾಯ್ತಿ

ನಮ್ಮ ಸರ್ ಪೇಪರಿನ ಫೈಲ್ ವಾಪಸ್ ಕಳಿಸಿದ್ದಾರೆ. ನಾನು ಒಂದೂವರೆ ಪುಟ ಬರೆದಿದ್ದ ‘ವಿಧಾನ’ ಈಗ ಮೂರೇ ವಾಕ್ಯ. ಅದರ ಸಾರ ಇಷ್ಟು: ಹೆಬ್ರಿ ಸಮೀಪದ ತೋಡಿನ ಸೂಕ್ತ ಜಾಗಗಳಲ್ಲಿ ಮಳೆಗಾಲ ಮತ್ತು ಬೇಸಿಗೆಯಲ್ಲಿ ಸಣ್ಣ ಜೀವಿಗಳ ಮಾದರಿ ತೆಗೆಯಲಾಯಿತು. ಕಲ್ಲುಗಳನ್ನು ಚೆನ್ನಾಗಿ ತೊಳೆಯಲಾಯಿತು. ಜೀವಿಗಳನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಹಿಡಿಯಲಾಯಿತು. ಪಕ್ಕದಲ್ಲಿ ಕೆಂಪು ಅಕ್ಷರದ ಟಿಪ್ಪಣಿ: “ಅಂಕೆ ಜಾಸ್ತಿ ಆಯ್ತು ಮಾರಾಯ್ತಿ. ಓದುವವರು ಓಡಿ ಹೋಗ್ತಾರೆ.”

ಸರ್‌ಗೆ ಅಂಕೆ ಕಂಡರೆ ಆಗುವುದಿಲ್ಲ. ‘0.5 ಮಿಲಿಮೀಟರ್ ಕಣ್ಣಿನ ಬಲೆ’ ಅಂತ ಬರೆದರೆ 0.5 ಹೋಗುತ್ತದೆ, ಮಿಲಿಮೀಟರ್ ಹೋಗುತ್ತದೆ, ಬಲೆ ಉಳಿಯುತ್ತದೆ. ‘30 ಸೆಂಟಿಮೀಟರ್ ಚೌಕದ ಸರ್ಬರ್ ಚೌಕಟ್ಟು’ ಅಂದರೆ ‘ಚೌಕಟ್ಟು’ ಮಾತ್ರ; ಅದು ತೋಡಿನ ತಳಕ್ಕೆ ಇಡುವ, ಬಲೆ ಕಟ್ಟಿದ ಚೌಕಟ್ಟು ಅಂತ ಯಾರಿಗೆ ಗೊತ್ತಾಗಬೇಕು? ಮದುವೆ ಕಾಗದದಲ್ಲೂ ಇವರು ಮುಹೂರ್ತ ತೆಗೆದು ‘ಬೆಳಿಗ್ಗೆ’ ಅಂತ ಹಾಕಿಸುತ್ತಿದ್ದರೋ ಏನೋ. ಬಲೆಯ ಕಣ್ಣು ಒಂದು ಮಿಲಿಮೀಟರ್ ಆದರೆ ಸಣ್ಣ ಮರಿಗಳು ಎಷ್ಟೋ ತಪ್ಪಿಸಿಕೊಂಡು ಹೋಗುತ್ತವೆ, ಅವು ತೋಡಿನಲ್ಲಿ ಇರಲೇ ಇಲ್ಲ ಅಂತ ನಾವು ಬರೆದುಬಿಡುತ್ತೇವೆ ಅಂತ ಹೇಳಿದೆ. “ಅದು ಎಲ್ಲರಿಗೂ ಗೊತ್ತುಂಟು” ಅಂದರು.

ಎಲ್ಲರಿಗೂ ಗೊತ್ತುಂಟಾ ಅಂತ ನೋಡಿಯೇ ಬಿಡೋಣ ಅನ್ನಿಸಿತು. ಅಕ್ಕನ ಮಗ ಬಿಕಾಂ ಓದುತ್ತಿದ್ದಾನೆ, ರಜೆಗೆ ಬಂದಿದ್ದ. ಸರ್ ಬರೆದ ಮೂರು ವಾಕ್ಯವನ್ನು ಕಾಗದದಲ್ಲಿ ಬರೆದು ಅವನ ಕೈಗೆ ಕೊಟ್ಟೆ. ಬಲೆ, ಬಕೆಟ್ ಕೊಟ್ಟೆ. ತೋಡಿನ ದಡದಲ್ಲಿ ಒಂದು ಕಲ್ಲಿನ ಮೇಲೆ ಬಾಯಿ ಮುಚ್ಚಿ ಕೂತೆ.

ಹುಡುಗ ಕಾಗದ ಎರಡು ಸಲ ಓದಿದ. ಸೂಕ್ತ ಜಾಗ ಹುಡುಕಿದ. ನೆರಳಿತ್ತು, ಉಂಬಳ ಇರಲಿಲ್ಲ, ಕಾಲು ಜಾರುತ್ತಿರಲಿಲ್ಲ. ಅವನ ಮಟ್ಟಿಗೆ ಅದು ಸೂಕ್ತವೇ ಅಲ್ವಾ? ಬಲೆಯ ಬಾಯನ್ನು ನೀರು ಹೋಗುವ ದಿಕ್ಕಿಗೆ ಇಟ್ಟ. ಬರುವ ನೀರಿಗೆ ಎದುರಾಗಿ ಇಡಬೇಕು ಅಂತ ಕಾಗದದಲ್ಲಿ ಇರಲಿಲ್ಲವಲ್ಲ. ಆಮೇಲೆ ಶುರುವಾಯಿತು ನೋಡಿ, ಚೆನ್ನಾಗಿ ತೊಳೆಯುವ ಕೆಲಸ. ಒಂದೊಂದೇ ಕಲ್ಲನ್ನು ದಡಕ್ಕೆ ತಂದ. ಅಲ್ಲೇ ಬಿದ್ದಿದ್ದ ತೆಂಗಿನ ಸಿಪ್ಪೆಯಿಂದ ನಾರು ಕಿತ್ತ. ತಿಕ್ಕಿದ. ತಿರುಗಿಸಿ ತಿಕ್ಕಿದ. ಬೆಳಕಿಗೆ ಹಿಡಿದು ನೋಡಿ, ಪಾಚಿ ಕಂಡರೆ ಮತ್ತೆ ತಿಕ್ಕಿದ. ಮನೆಯಲ್ಲಿ ತಾನು ಉಂಡ ತಟ್ಟೆಯನ್ನು ಈ ಹುಡುಗ ಒಂದು ದಿನ ಹೀಗೆ ತೊಳೆದದ್ದಿಲ್ಲ. ಕಲ್ಲಿಗೆ ಚಪ್ಪಟೆಯಾಗಿ ಅಂಟಿ ಕೂತಿದ್ದ ವಾಟರ್ ಪೆನ್ನಿ ಅನ್ನುವ ದುಂಬಿ ಮರಿಗಳು ನಾರಿನಡಿ ಪುಡಿಯಾದವು. ಮೇ ಫ್ಲೈ ಕೀಟದ ಮರಿಗಳು ದಡದ ಹುಲ್ಲಿಗೆ ಬಿದ್ದವು. ತೊಳೆದ ಕಲ್ಲುಗಳನ್ನು ಸಾಲಾಗಿ ಬಿಸಿಲಿಗೆ ಇಟ್ಟು, “ಚಿಕ್ಕಮ್ಮ, ಒಣಗಿಸೋದು ಬೇಡ ಅಲ್ವಾ? ಕಾಗದದಲ್ಲಿ ಇಲ್ಲ” ಅಂದ. ಬಲೆಯಲ್ಲಿ ಎರಡು ಎಲೆ ಇತ್ತು.

ಅವನು ಕಾಗದಕ್ಕೆ ಒಂದಿಷ್ಟೂ ತಪ್ಪಿ ನಡೆದಿರಲಿಲ್ಲ. ಫೋಟೋ ತೆಗೆದು ಸರ್‌ಗೆ ಕಳಿಸಿದೆ. “ಯಾರ ಮನೆ ಜಗಲಿಗೆ ಕಲ್ಲು?” ಅಂತ ಉತ್ತರ ಬಂತು.

ಕಲ್ಲು ತೊಳೆಯುವುದನ್ನಾದರೂ ಸರಿಮಾಡಬಹುದು. ನನಗೆ ಹೊಟ್ಟೆ ಉರಿಯುವುದು ‘ಮಳೆಗಾಲ ಮತ್ತು ಬೇಸಿಗೆ’ ಅನ್ನುವ ಮೂರು ಪದಕ್ಕೆ. ಸರ್ಬರ್ ಬಲೆಯ ಚೌಕಟ್ಟನ್ನು ತೋಡಿನ ತಳಕ್ಕೆ ಒತ್ತಿ ಹಿಡಿಯಬೇಕು. ನೀರು ಚೌಕಟ್ಟಿನ ಎತ್ತರ ದಾಟಿದರೆ ಜೀವಿಗಳು ಮೇಲಿಂದ ತೇಲಿ ಹೋಗುತ್ತವೆ. ನೀರು ಹರಿಯದಿದ್ದರೆ ಎಬ್ಬಿಸಿದ್ದೆಲ್ಲ ಅಲ್ಲೇ ಕೂರುತ್ತದೆ, ಬಲೆಗೆ ಏನೂ ಬರುವುದಿಲ್ಲ. ಜುಲೈನಲ್ಲಿ ನಮ್ಮ ತೋಡಿನ ನಡುವೆ ನಿಂತರೆ ಬಲೆ ಇರಲಿ, ಮನುಷ್ಯರೇ ಸೀತಾ ನದಿ ಸೇರಬೇಕು. ಆಗ ಎಲ್ಲರೂ ಅಂಚಿನಲ್ಲಿ ನಿಂತು ಮಾದರಿ ತೆಗೆಯುತ್ತಾರೆ. ಬೇಸಿಗೆಯಲ್ಲಿ ಆರಾಮಾಗಿ ನಡುವಿಗೆ ಹೋಗುತ್ತಾರೆ. ಕಲ್ಲಿನ ಸಂದಿಯಲ್ಲಿ ಬಲೆ ನೇಯ್ದು ಹರಿಯುವ ನೀರಿನಲ್ಲಿ ಊಟ ಹಿಡಿಯುವ ಕ್ಯಾಡಿಸ್ ಮರಿಗಳು ಇರುವುದು ನೀರು ಜೋರಾಗಿ ಹರಿಯುವ ನಡುವಿನಲ್ಲೇ. ಆಮೇಲೆ ‘ಬೇಸಿಗೆಯಲ್ಲಿ ಕ್ಯಾಡಿಸ್ ಹೆಚ್ಚು’ ಅಂತ ಫಲಿತಾಂಶ ಬರೆಯುತ್ತೇವೆ. ಹೆಚ್ಚಾದದ್ದು ಕ್ಯಾಡಿಸ್ಸಾ, ನಮ್ಮ ಧೈರ್ಯವಾ?

ಹಾಗಾಗಿ ಎರಡೂ ಕಾಲಕ್ಕೆ ಒಂದೇ ಬಲೆ, ಒಂದೇ ತರಹದ ಜಾಗ: ಕಲ್ಲುಗಳ ಮೇಲೆ ನೀರು ಗುಳುಗುಳು ಅಂತ ಹರಿಯುವ, 30 ಸೆಂಟಿಮೀಟರ್‌ಗಿಂತ ಆಳವಿಲ್ಲದ ಕಡೆ. ಹಾಗೆ ಹೊರಟರೆ ನಮ್ಮ ಮಳೆಗಾಲ ಸೆಪ್ಟೆಂಬರ್ ಕೊನೆಗೆ ಬಂದು ನಿಲ್ಲುತ್ತದೆ. ದೊಡ್ಡ ನೆರೆ ತಳದ ಜೀವಿಗಳನ್ನು ಗುಡಿಸಿಕೊಂಡು ಹೋಗುತ್ತದೆ, ಅವು ಮತ್ತೆ ಬಂದು ಕೂರಲು ಸಮಯ ಬೇಕು. ಬಂಡೆಯೊಂದಕ್ಕೆ ಬಣ್ಣದ ಗೆರೆ ಹಾಕಿ, ನೀರು ಆ ಗೆರೆಗಿಂತ ಕೆಳಗಿಳಿದು ಎರಡು ವಾರ ಆದಮೇಲೆ ಮಾತ್ರ ಬಲೆ ಇಡುವುದು ಅಂತ ಬರೆದಿದ್ದೆ. ಇದೂ ಕೆಂಪಾಗಿತ್ತು.

ಬೇಸಿಗೆಯದು ಬೇರೆ ಕತೆ. ಹೋದ ಫೆಬ್ರವರಿಯಲ್ಲಿ ಹೋದರೆ ನಮ್ಮ ಗುಳುಗುಳು ಜಾಗವೇ ಇಲ್ಲ, ನಿಂತ ನೀರು. ಕೆಳಗೆ ಅಡಿಕೆ ತೋಟದವರು ನೀರು ನಿಲ್ಲಿಸಲು ಕಟ್ಟ ಹಾಕಿದ್ದರು. “ಪ್ರತಿ ವರ್ಷ ಹಾಕುದೇ ಅಲ್ವಾ, ನಿಮಗೆ ಗೊತ್ತಿಲ್ವಾ?” ಅಂತ ತೋಟದ ಅಜ್ಜ ನಕ್ಕರು. ಅಲ್ಲಿ ಜೀವಿಗಳು ಬದಲಾದದ್ದು ಬಿಸಿಲಿಗಲ್ಲ, ಕಟ್ಟಕ್ಕೆ. ಕಟ್ಟ ಯಾವ ತಿಂಗಳು ಬಿತ್ತು, ಅದರ ನೀರು ಎಲ್ಲಿಯವರೆಗೆ ನಿಂತಿದೆ, ನಮ್ಮ ಜಾಗ ಅದಕ್ಕಿಂತ ಎಷ್ಟು ಮೇಲೆ ಅನ್ನುವುದು ವಿಧಾನದಲ್ಲಿ ಇರಲೇಬೇಕು.

ಸರ್ ಜೊತೆ ಜಗಳಕ್ಕೆ ಅಂತಲೇ ಹೋದೆ. ಅವರು ಬೀರುವಿನಿಂದ ಒಂದು ಹಳೇ ನೋಟ್‌ಬುಕ್ ತೆಗೆದರು. ವಯಸ್ಸಿನಲ್ಲಿ ಅವರು ಇದೇ ತೋಡಿನಲ್ಲಿ ಕೆಲಸ ಮಾಡಿದ್ದರಂತೆ. ಅಂದವಾದ ಕೈಬರಹ. ‘ಸೇತುವೆ ಹತ್ತಿರ. ಸ್ಟೋನ್ ಫ್ಲೈ ಮರಿಗಳು ತುಂಬಾ.’ ತುಂಬಾ ಅಂದರೆ ಎಷ್ಟು? ಎಷ್ಟು ಜಾಗದಲ್ಲಿ? ಯಾವ ಬಲೆ? ಪುಟ ತಿರುಗಿಸುತ್ತಾ ಹೋದರು. ಈಗ ಆ ತೋಡಿನಲ್ಲಿ ಸ್ಟೋನ್ ಫ್ಲೈ ಮರಿ ಹುಡುಕಿ ತೆಗೆಯಬೇಕು. ಕಡಿಮೆಯಾಗಿದೆ ಅಂತ ನಮ್ಮಿಬ್ಬರಿಗೂ ಅನ್ನಿಸುತ್ತದೆ, ಹೇಳುವ ಹಾಗಿಲ್ಲ. ಸೇತುವೆ ಕೂಡ ಹೊಸದು. “ನಿನ್ನ ಅಂಕೆ ಹಾಕು” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಆದರೆ ಸಣ್ಣ ಅಕ್ಷರದಲ್ಲಿ.”

ಹಾಕಿದೆ. ಗುಳುಗುಳು ಜಾಗದ ಕೆಳಗಿನ ತುದಿಯಿಂದ 20 ಮೀಟರ್ ಉದ್ದ. ಎಷ್ಟನೇ ಮೀಟರ್, ಅಗಲದಲ್ಲಿ ಎಡದಡದಿಂದ ಶೇಕಡ ಎಷ್ಟು ಅನ್ನುವುದನ್ನು ಮನೆಯಲ್ಲೇ ಚೀಟಿ ಎತ್ತಿ ನಿರ್ಧರಿಸುವುದು. ತೋಡು ಬೇಸಿಗೆಯಲ್ಲಿ ಸಪೂರ ಆದರೂ ಶೇಕಡ ಲೆಕ್ಕ ನಡೆಯುತ್ತದೆ. ಐದು ಜಾಗ, ಕೆಳಗಿನಿಂದ ಮೇಲಕ್ಕೆ, ಇಲ್ಲದಿದ್ದರೆ ಮೇಲೆ ಕದಡಿದ್ದು ಕೆಳಗಿನ ಬಲೆಗೆ ಬರುತ್ತದೆ. ಚೌಕಟ್ಟಿನೊಳಗೆ ಮುಷ್ಟಿಗಿಂತ ದೊಡ್ಡ ಕಲ್ಲುಗಳನ್ನು ಬಲೆಯ ಬಾಯಿಯೆದುರು, ನೀರಿನೊಳಗೇ ಕೈಯಿಂದ ಉಜ್ಜುವುದು; ನಾರು ಬೇಡ. ಅಂಟಿದ್ದನ್ನು ಚಿಮಟದಿಂದ ತೆಗೆಯುವುದು. ಆಮೇಲೆ ತಳವನ್ನು 5 ಸೆಂಟಿಮೀಟರ್ ಆಳಕ್ಕೆ ಒಂದು ನಿಮಿಷ ಕೆದಕುವುದು, ಗಡಿಯಾರ ನೋಡಿ. ಆಳ ಜಾಸ್ತಿ ಇದ್ದರೆ ಮುಂದಿನ ಚೀಟಿ.

ಹೊಸ ಪುಟ ಕೊಟ್ಟು ಹುಡುಗನನ್ನು ಒಬ್ಬನೇ ಕಳಿಸಿದೆ. ಹಿಂದಿನ ರಾತ್ರಿ ಘಟ್ಟದ ಮೇಲೆ ಮಳೆ ಬಂದದ್ದು ನಮಗೆ ಗೊತ್ತಿರಲಿಲ್ಲ. ದಡದಿಂದಲೇ ಫೋನ್ ಮಾಡಿದ. “ಚಿಕ್ಕಮ್ಮ, ಗೆರೆ ಮುಳುಗಿದೆ. ಕೋಲು ಇಳಿಸಿ ನೋಡಿದೆ, ದಡದ ಹತ್ತಿರವೂ ಆಳ ಜಾಸ್ತಿ. ಚೀಟಿ ಎಲ್ಲ ಮುಗೀತು. ಈಗ ಎಂತ ಮಾಡುದು?”

ಅದಕ್ಕೊಂದು ಸಾಲು ಪುಟದಲ್ಲಿ ಇರಲಿಲ್ಲ. ಸೇರಿಸಿದೆವು: ಯಾವ ಚೀಟಿಯೂ ಆಗದಿದ್ದರೆ ಅಂದು ಮಾದರಿ ಇಲ್ಲ, ತಾರೀಕು, ನೀರಿನ ಮಟ್ಟ, ಕಾರಣ ಬರೆದುಕೊಂಡು ವಾಪಸ್ ಬರುವುದು, ಎರಡು ವಾರದ ಲೆಕ್ಕ ಮತ್ತೆ ಮೊದಲಿನಿಂದ.

“ಸಿಗಲಿಲ್ಲ ಅಂತಲೂ ಪೇಪರಲ್ಲಿ ಬರೆಯುದಾ?” ಅಂತ ಸರ್ ಕೇಳಿದರು.

“ಬರೆಯುದೇ ಸರ್. ತಾರೀಕು ಸಮೇತ.”