ಹಸಿರು ಕರ್ಸರ್

ಮ್ಯಾನೇಜರ್ ಆದ ಮೊದಲ ತಿಂಗಳು ನಾನು ಹಂಚಿದ ಕೆಲಸಗಳನ್ನು ಈಗ ನೆನೆಸಿಕೊಂಡರೆ ನಗು ಬರುತ್ತದೆ. ಮೀಟಿಂಗ್ ರೂಮ್ ಬುಕ್ ಮಾಡುವುದು, ಹಳೇ ಫೈಲುಗಳ ಹೆಸರು ಸರಿಮಾಡುವುದು, ಹೀಗೆ ನನಗೆ ಬೇಜಾರು ತರಿಸುವುದೆಲ್ಲ ತಂಡಕ್ಕೆ. ಸೋಮವಾರದ ವರದಿ ಮಾತ್ರ ನನ್ನ ಹತ್ತಿರವೇ ಇತ್ತು. ಅದರ ಶೀಟು ನಾನೇ ಕಟ್ಟಿದ್ದು. ನಾಲ್ಕು ವರ್ಷದಿಂದ ವಾರಕ್ಕೊಂದು ಗಂಟೆಯಲ್ಲಿ ಮುಗಿಸುತ್ತಿದ್ದೆ. ಅದನ್ನು ಕೊಡುವುದೆಂದರೆ ಸಾಕಿದ ಕರುವನ್ನು ಬೇರೆಯವರ ಕೊಟ್ಟಿಗೆಗೆ ಕಟ್ಟಿದ ಹಾಗೆ.

ಆದರೆ ಕೊಡಬೇಕಾದದ್ದು ಅದೇ ಆಗಿತ್ತು. ಒಂದು ವಾರ ನಾನು ಮಾಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟೆ. ಆಮೇಲೆ ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಹಾಕಿದೆ. ಇದು ಮತ್ತೆ ಮತ್ತೆ ಬರುತ್ತದಾ? ತಪ್ಪಾದರೆ ಹೊರಗೆ ಹೋಗುವ ಮೊದಲೇ ತಿದ್ದಬಹುದಾ? ವರದಿ ಎರಡಕ್ಕೂ ಹೌದು ಅಂದಿತು. ಯಾರ ಸಂಬಳ ಎಷ್ಟು ಏರಬೇಕು, ಯಾರಿಗೆ ಕೆಲಸ ಸರಿಯಿಲ್ಲ ಅಂತ ಹೇಳಬೇಕು, ಇಬ್ಬರ ಜಗಳ ಬಿಡಿಸುವುದು ಹೇಗೆ, ಇವು ನನ್ನಲ್ಲೇ ಉಳಿದವು. ಇವನ್ನು ದಾಟಿಸಿದರೆ ಅದು ಕೆಲಸ ಹಂಚುವುದಲ್ಲ, ತಪ್ಪಿಸಿಕೊಳ್ಳುವುದು.

ನಾನೇ ಮಾಡಿದರೆ ಬೇಗ ಆಗುತ್ತೆ ಎಂಬ ಮಾತು ಸುಳ್ಳಲ್ಲ. ಆ ಒಂದು ವಾರದ ಮಟ್ಟಿಗೆ ನಿಜ. ನಾನು ವರದಿ ವಹಿಸಿದ ಸಹೋದ್ಯೋಗಿಗೆ ಮೊದಲ ಸಲ ಮೂರು ಗಂಟೆ ಹಿಡಿಯಿತು. ಐದನೇ ವಾರಕ್ಕೆ ಒಂದೂಕಾಲು ಗಂಟೆಗೆ ಬಂತು. ಕಲಿಸಲು ನನ್ನದು ಒಟ್ಟು ಐದು ಗಂಟೆ ಹೋಯಿತು. ಅಂದರೆ ಐದು ವಾರದಲ್ಲಿ ಅಸಲು ವಾಪಸ್.

ಕಷ್ಟ ಶುರುವಾದದ್ದು ಕೊಟ್ಟ ಮೇಲೆ. ನಮ್ಮದು ಎಲ್ಲರೂ ಒಟ್ಟಿಗೆ ತೆರೆಯಬಹುದಾದ ಶೀಟು. ಸುಮ್ನೆ ಒಂದು ಸಲ ನೋಡೋಣ ಅಂತ ಒಳಗೆ ಹೋಗುತ್ತಿದ್ದೆ. ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ನಾನು ಯಾವ ಸಾಲಿನಲ್ಲಿ ನಿಂತರೂ ಆಕೆಯ ಪರದೆಯಲ್ಲಿ ಅಲ್ಲೊಂದು ಹಸಿರು ಕರ್ಸರ್, ಅದರ ತಲೆಯ ಮೇಲೆ ನನ್ನ ಹೆಸರು. ನಾನು ಬಂದ ಕೂಡಲೇ ಆಕೆಯ ಟೈಪಿಂಗ್ ನಿಲ್ಲುತ್ತಿತ್ತು. ಮೂರನೇ ವಾರ ಆಕೆ ಕೇಳಿಯೇಬಿಟ್ಟರು. "ಸರ್, ಹದಿನಾಲ್ಕನೇ ಸಾಲಲ್ಲಿ ಏನಾದ್ರೂ ತಪ್ಪಿದೆಯಾ? ಹತ್ತು ನಿಮಿಷದಿಂದ ಅಲ್ಲೇ ಇದ್ದೀರಿ." ತಪ್ಪೇನೂ ಇರಲಿಲ್ಲ. ನಾನು ಫೋನಿನಲ್ಲಿ ಮಾತಾಡುತ್ತಿದ್ದೆ, ಅಷ್ಟೆ.

ಅವತ್ತು ಇಬ್ಬರೂ ಕೂತು ಮಾತಾಡಿಕೊಂಡೆವು. ವರದಿ ಸೋಮವಾರ ಹನ್ನೊಂದಕ್ಕೆ ಹೋಗಬೇಕು. ಶುಕ್ರವಾರ ನಾಲ್ಕು ಗಂಟೆಗೆ ಬರೀ ಅಂಕಿಗಳನ್ನು ಆಕೆಯೇ ನನಗೆ ತೋರಿಸುವುದು, ವಿವರಣೆ ಇನ್ನೂ ಬರೆಯದೇ ಇದ್ದಾಗ. ಅಡಿಪಾಯ ಓರೆಯಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ, ತಿದ್ದಲೂ ಸಮಯ ಇರುತ್ತದೆ. ಸೋಮವಾರ ಹತ್ತಕ್ಕೆ ಇನ್ನೊಂದು ನೋಟ. ನಡುವೆ ನಾನು ಶೀಟು ತೆರೆಯುವ ಹಾಗಿಲ್ಲ. ಯಾವುದೇ ಅಂಕಿ ಹಿಂದಿನ ವಾರಕ್ಕಿಂತ ಶೇ. 10ರೊಳಗೆ ಆಚೀಚೆ ಆದರೆ ಆಕೆಯದೇ ತೀರ್ಮಾನ. ಅದಕ್ಕಿಂತ ಜಾಸ್ತಿ ಆದರೆ ಕಾರಣ ಹುಡುಕಿ ನನಗೆ ಹೇಳಬೇಕು. ಈ ಗೆರೆ ಹಾಕಿದ ಮೇಲೆ ನನ್ನ ಅರ್ಧ ಚಡಪಡಿಕೆ ಇಳಿಯಿತು. ನಾನು ಇಣುಕುತ್ತಿದ್ದದ್ದು ಆಕೆಯ ಮೇಲೆ ನಂಬಿಕೆ ಇಲ್ಲದೆ ಅಲ್ಲ. ಕೆಟ್ಟ ಸುದ್ದಿ ನನ್ನವರೆಗೆ ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದೆ.

ನನ್ನ ಇನ್ನೊಂದು ಚಾಳಿ ಬಿಡಿಸುವುದು ತಡವಾಯಿತು. ಆಕೆ ಏನಾದರೂ ತೊಡಕು ತಂದರೆ ನನ್ನ ಬಾಯಲ್ಲಿ ತಟ್ಟನೆ ಬರುತ್ತಿದ್ದ ಮಾತು, "ಬಿಡಿ, ನಾನು ನೋಡ್ತೀನಿ." ಎಷ್ಟು ಉದಾರವಾಗಿ ಕೇಳುತ್ತದೆ, ಅಲ್ವಾ? ಆದರೆ ಸಂಜೆಗೆ ಎಣಿಸಿದರೆ ಕೊಟ್ಟ ಕೆಲಸದ ಮುಕ್ಕಾಲು ಪಾಲು ನನ್ನ ಮೇಜಿಗೇ ವಾಪಸ್ ಬಂದಿರುತ್ತಿತ್ತು. ಈಗ "ನಿಮಗೇನು ಅನ್ಸುತ್ತೆ?" ಅಂತ ಕೇಳಿ ಬಾಯಿ ಮುಚ್ಚಿಕೊಳ್ಳುತ್ತೇನೆ. ಆ ಮೌನದ ಐದು ಸೆಕೆಂಡು ಬಹಳ ಉದ್ದ.

ಎರಡನೇ ತಿಂಗಳಲ್ಲಿ ಆಕೆ ಮೂರನೇ ಕೋಷ್ಟಕವನ್ನೇ ತೆಗೆದುಹಾಕಿದರು. ವರದಿ ಓದುವವರನ್ನೇ ಕೇಳಿದರಂತೆ. ಅದನ್ನು ಯಾರೂ ನೋಡುತ್ತಿರಲಿಲ್ಲವಂತೆ. ವಾರಕ್ಕೆ ಕಾಲು ಗಂಟೆ ಕೂತು ನಾನು ಬಣ್ಣ ಹಾಕುತ್ತಿದ್ದ ಕೋಷ್ಟಕ ಅದು. ಚೂರು ಚುರುಕ್ ಅಂದಿತು.

ಕಳೆದ ಶುಕ್ರವಾರ ಮೂರೂಐವತ್ತಕ್ಕೆ ನನ್ನ ಕೈ ಮೌಸಿನ ಮೇಲಿತ್ತು. ಇನ್ನು ಹತ್ತೇ ನಿಮಿಷ. ಕೈ ತೆಗೆದು ನೀರು ತರಲು ಎದ್ದೆ. ವಾಪಸ್ ಬರುವಷ್ಟರಲ್ಲಿ ಆಕೆಯ ಮೆಸೇಜ್ ಬಂದಿತ್ತು: "ಒಂದು ಅಂಕಿ ಶೇ. 12 ಇಳಿದಿದೆ. ಹಿಂದಿನ ವಾರ ಒಂದು ನಮೂದು ಎರಡು ಸಲ ಸೇರಿತ್ತು, ತೆಗೆದಿದ್ದೀನಿ. ಶೀಟಿಗೆ ಈಗ ಬರಬಹುದು ಸರ್."