ಬಾಕಿ ಇಲ್ಲ ಎಂಬ ಪತ್ರದ ಬಾಕಿ

ಪೆರ್ಲ ಸಮೀಪ, ಕಾಸರಗೋಡು ಜಿಲ್ಲೆ
15 ಆಗಸ್ಟ್ 2025

ಸಾಲ ಕೊಟ್ಟ ಕಂಪನಿಯವರಿಗೂ, ಸಾಲಗಾರರ ಜಾತಕ ಬರೆಯುವ ಕ್ರೆಡಿಟ್ ಬ್ಯೂರೋದವರಿಗೂ ನಮಸ್ಕಾರ.

ಇಬ್ಬರಿಗೂ ಒಂದೇ ಕಾಗದ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆದರೆ ನೀವು ಅವರನ್ನು ಕೇಳಿ ಅನ್ನುತ್ತೀರಿ, ಅವರು ನಿಮ್ಮನ್ನು ಕೇಳಿ ಅನ್ನುತ್ತಾರೆ. ಎಪ್ಪತ್ತನಾಲ್ಕು ದಿನದಿಂದ ಅದೇ ಆಗಿದೆ.

ಸಂಗತಿ ಸಣ್ಣದು. 2023ರಲ್ಲಿ ಅಡಿಕೆಗೆ ಮದ್ದು ಬಿಡುವ ಪಂಪಿಗೆ ಅಂತ 24,000 ರೂಪಾಯಿ ಸಾಲ ತೆಗೆದೆ. ಹನ್ನೆರಡು ಕಂತು. ಕೊನೆಯದ್ದು 2024ರ ಜೂನ್ 5ಕ್ಕೆ ಮುಗಿಯಿತು. ‘ಯಾವುದೇ ಬಾಕಿ ಇಲ್ಲ’ ಎಂಬ ಪತ್ರವೂ ಬಂತು. ಅದನ್ನು ಅಟ್ಟದಲ್ಲಿ ಇಟ್ಟದ್ದು ನನ್ನ ತಪ್ಪು. ಆ ಮಳೆಗಾಲದಲ್ಲಿ ಹಂಚು ಸೋರಿ ಪತ್ರ ಮುದ್ದೆಯಾಯಿತು. ಆಗಸ್ಟಿನಲ್ಲಿ ಫೋನ್ ಮಾಡಿ ಇನ್ನೊಂದು ಪ್ರತಿ ಕೇಳಿದೆ. ಎರಡೇ ದಿನದಲ್ಲಿ ಈಮೇಲ್ ಬಂತು. ಭಾರೀ ಖುಷಿಯಾಯಿತು.

ಆ ಎರಡನೇ ಪ್ರತಿಗೆ 100 ರೂಪಾಯಿ ಶುಲ್ಕ, ಅದರ ಮೇಲೆ 18 ರೂಪಾಯಿ ಜಿಎಸ್‌ಟಿ ಇತ್ತಂತೆ. ನನಗೆ ಹೇಳಿದವರಿಲ್ಲ. ನೀವು ಅದನ್ನು ಮುಗಿದ ಸಾಲದ ಖಾತೆಗೇ ಹಾಕಿದಿರಿ. ಅಂದರೆ, ಬಾಕಿ ಇಲ್ಲ ಎಂದು ಬರೆದುಕೊಟ್ಟ ಕಾಗದದಿಂದಲೇ ನನಗೆ ಬಾಕಿ ಹುಟ್ಟಿತು. ಸತ್ತವನ ಮರಣ ಪತ್ರಕ್ಕೆ ಫೀಸು ಕೊಡಲಿಲ್ಲ ಅಂತ ಅವನನ್ನು ಎಬ್ಬಿಸಿ ಕೂರಿಸಿದ ಹಾಗೆ, ಮುಗಿದ ಸಾಲ ಎದ್ದು ಕೂತಿತು.

ಇದು ಗೊತ್ತಾದದ್ದು ಈ ಮೇ ತಿಂಗಳಲ್ಲಿ. ತೋಟಕ್ಕೆ ಹನಿ ನೀರಾವರಿ ಮಾಡುವ ಅಂತ ಬ್ಯಾಂಕಿಗೆ ಹೋದೆ. ಮ್ಯಾನೇಜರರು ಕಂಪ್ಯೂಟರ್ ನೋಡಿದರು, ನನ್ನನ್ನು ನೋಡಿದರು. “ಭಟ್ರೇ, ನಿಮ್ಮ ಸಿಬಿಲ್ ಸರಿ ಇಲ್ಲ ಅಲ್ವಾ?” ಅಂದರು. ನಮ್ಮಲ್ಲಿ ನಾಲ್ಕು ಬ್ಯೂರೋಗಳಿಗೂ ಆ ಒಂದೇ ಹೆಸರು. ನನ್ನ ವರದಿ ನಾಲ್ಕರಲ್ಲಿ ಯಾವುದರದ್ದು ಅಂತ ಇಲ್ಲಿ ಹೇಳುವುದಿಲ್ಲ. ನಿಮಗೆ ಗೊತ್ತು.

ವರ್ಷಕ್ಕೊಂದು ಪೂರ್ತಿ ವರದಿ ಪ್ರತಿ ಬ್ಯೂರೋದಿಂದಲೂ ಪುಕ್ಕಟೆ ಸಿಗುತ್ತದೆ. ಅಕ್ಷಯ ಕೇಂದ್ರದ ಹುಡುಗಿ ಪ್ರಿಂಟ್ ತೆಗೆದುಕೊಟ್ಟಳು. ಅದರಲ್ಲಿ ತಿಂಗಳಿಗೊಂದು ಚೌಕ. ಕಂತು ಎಷ್ಟು ದಿನ ತಡ ಎಂಬುದನ್ನು ಅದರೊಳಗೆ ಬರೆಯುತ್ತಾರೆ, `DPD` ಅಂತ ಅದರ ಹೆಸರು. ನನ್ನ ಹನ್ನೆರಡು ಕಂತಿಗೂ ಚಂದದ `000`. ಆಮೇಲೆ 2024 ಆಗಸ್ಟಿಗೆ `019`, ಸೆಪ್ಟೆಂಬರಿಗೆ `049`, ಅಕ್ಟೋಬರಿಗೆ `080`, ನವೆಂಬರಿಗೆ `110`. ತೊಂಬತ್ತು ದಾಟಿದ ಸಾಲ ವಸೂಲಾಗದ ಸಾಲದ ಸಾಲಿಗೆ ಸೇರುತ್ತದೆ. ಹಾಗಾಗಿ 118 ರೂಪಾಯಿಯ ನಾನು, ನವೆಂಬರಿನಲ್ಲಿ ಕೋಟಿಗಟ್ಟಲೆ ಮುಳುಗಿಸಿದವರ ಪಂಕ್ತಿಯಲ್ಲಿ ಬಾಳೆ ಎಲೆ ಹಾಕಿ ಕೂತೆ. ಈ ಮೇ ಕೊನೆಗೆ `292`.

ತಡ ಎಂದು ಬ್ಯೂರೋಗೆ ಬರೆಯುವಾಗ ಗಿರಾಕಿಗೂ ಒಂದು ಎಸ್ಸೆಮ್ಮೆಸ್ಸು ಅಥವಾ ಈಮೇಲ್ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ನನ್ನ ಫೋನ್ ಪೂರ್ತಿ ಹುಡುಕಿದೆ. ನಿಮ್ಮದೇ ಕಂಪನಿಯ ಒಂದು ಮೆಸೇಜು ಸಿಕ್ಕಿತು: ‘ಅಭಿನಂದನೆಗಳು, ನಿಮಗೆ 2 ಲಕ್ಷದ ಸಾಲ ಮಂಜೂರಾಗಿದೆ’.

ನಿಮ್ಮ ಕಸ್ಟಮರ್ ಕೇರಿಗೂ ಫೋನ್ ಮಾಡಿದೆ. ಮಲಯಾಳಕ್ಕೆ ಒಂದು, ಇಂಗ್ಲಿಷಿಗೆ ಎರಡು, ಹಿಂದಿಗೆ ಮೂರು ಒತ್ತಿ ಎಂದಿತು. ಕನ್ನಡಕ್ಕೆ ಏನು ಒತ್ತಬೇಕು ಅಂತ ಹೇಳಲಿಲ್ಲ. ಕೊನೆಗೆ ಹೇಗೋ ಒಬ್ಬಳು ಕನ್ನಡದ ಹುಡುಗಿ ಸಿಕ್ಕಿದಳು. “ಸಾರ್, ನಿಮ್ಮ ಪಿನ್‌ಕೋಡ್ ಕೇರಳದ್ದು, ಕನ್ನಡ ಹೇಗೆ ಬರುತ್ತೆ?” ಎಂದು ಆಶ್ಚರ್ಯಪಟ್ಟಳು. ಗಡಿ ಗೆರೆ ಎಳೆದವರು ನಾಲಗೆಯನ್ನೂ ಎಳೆದುಕೊಂಡು ಹೋಗಲಿಲ್ಲ ತಂಗೀ ಅಂದೆ. ಪಾಪ, ಒಳ್ಳೆಯವಳು. ಅವಳ ಸಲಹೆ ಇದು: “ಸುಮ್ನೆ 118 ರೂಪಾಯಿ ಕಟ್ಟಿಬಿಡಿ ಸಾರ್, ಕ್ಲೋಸ್ ಆಗುತ್ತೆ.”

ಇಲ್ಲೇ ನಾನು ಎಡವುತ್ತಿದ್ದೆ. ಕಟ್ಟಿದರೆ ಬಾಕಿ ಸೊನ್ನೆಯಾಗುತ್ತದೆ, ಸರಿ. ಆದರೆ ಆ ಚೌಕಗಳು ಹಾಗೇ ಉಳಿಯುತ್ತವೆ. ಇವತ್ತು ಕಟ್ಟಿದ್ದು ಹಿಂದಿನ ತಡವನ್ನು ಅಳಿಸುವುದಿಲ್ಲ. ತಡ ಮಾಡಿದ್ದು ಹೌದು ಎಂದು ನಾನೇ ಒಪ್ಪಿದ ಹಾಗೂ ಆಗುತ್ತದೆ. ಇನ್ನೊಬ್ಬ ಮಹಾಶಯರು “ಸೆಟಲ್‌ಮೆಂಟ್ ಮಾಡಿಕೊಡುತ್ತೇವೆ” ಅಂದರು. ಅದು ಇನ್ನೂ ಚಂದ. `Settled` ಅಂದರೆ ಪೂರ್ತಿ ಕೊಡದೆ ಚೌಕಾಸಿ ಮಾಡಿದವನು ಎಂದು ಮುಂದಿನ ಬ್ಯಾಂಕಿನವರು ಓದುತ್ತಾರೆ.

ಹಾಗಾಗಿ ಜೂನ್ 2ಕ್ಕೆ ಇಬ್ಬರಿಗೂ ಒಂದೇ ದಿನ ದೂರು ಹಾಕಿದೆ. ‘ದಯವಿಟ್ಟು ಸ್ಕೋರ್ ಸರಿಮಾಡಿ’ ಅಂತ ಅಳಲಿಲ್ಲ. ಸ್ಕೋರನ್ನು ಯಾರೂ ಕೈಯಲ್ಲಿ ತಿದ್ದುವುದಿಲ್ಲ, ಒಳಗಿನ ಲೆಕ್ಕ ಸರಿಯಾದರೆ ಅದು ತಾನೇ ಏರುತ್ತದೆ. ಮೂರೇ ವಿಷಯ ಕೇಳಿದೆ. ಬಾಕಿ ಸೊನ್ನೆ ಮಾಡಿ. ಸಾಲ ಮುಗಿದ ದಿನ 5 ಜೂನ್ 2024 ಎಂದು ಬರೆಯಿರಿ. ಆ ದಿನದ ನಂತರದ ತಡದ ಚೌಕಗಳನ್ನೆಲ್ಲ ತೆಗೆಯಿರಿ. ಜೊತೆಗೆ ವರದಿಯ ಕಂಟ್ರೋಲ್ ನಂಬರು, ಕೊನೆಯ ಕಂತು ಹೋದ ಪಾಸ್‌ಬುಕ್ಕಿನ ಪುಟ, ಬಾಕಿ ಇಲ್ಲ ಪತ್ರ. ಹೌದು, ಆ 118 ರೂಪಾಯಿಯ ಪ್ರತಿಯೇ.

ಬ್ಯೂರೋದವರು ಹೇಳಿದರು: ನಾವು ಬರೇ ಕನ್ನಡಿ, ಸಾಲ ಕೊಟ್ಟವರು ಒಪ್ಪದೆ ಒಂದಕ್ಷರ ತಿದ್ದುವ ಹಾಗಿಲ್ಲ, ಅವರ ಉತ್ತರ ಬಂದಿಲ್ಲ. ಒಪ್ಪಿದೆ, ನಿಯಮ ಹಾಗೇ ಇದೆ. ಕಂಪನಿಯವರು ಹೇಳಿದರು: ಜೂನ್ 19ಕ್ಕೇ ತಿದ್ದಿ ಕಳಿಸಿದ್ದೇವೆ, ಅಪ್‌ಡೇಟ್ ಆಗಲು ತಿಂಗಳುಗಟ್ಟಲೆ ಬೇಕು. ತಿಂಗಳುಗಟ್ಟಲೆ ಯಾಕೆ ಮಾರಾಯ್ರೆ? 2025ರ ಜನವರಿಯಿಂದ ಹದಿನೈದು ದಿನಕ್ಕೊಮ್ಮೆ ಲೆಕ್ಕ ಕಳಿಸುವ ನಿಯಮ ಬಂದಿದೆ. 118 ರೂಪಾಯಿ ಏರುವಾಗ ಲಿಫ್ಟಿನಲ್ಲಿ ಹೋಯಿತು, ಇಳಿಯುವಾಗ ಮಾತ್ರ ಮೊಣಕಾಲು ನೋವು.

ಈಗ ನನ್ನ ಲೆಕ್ಕಕ್ಕೆ ಬರುವ. ದೂರು ಕೊಟ್ಟ 30 ದಿನದೊಳಗೆ ನೀವಿಬ್ಬರೂ ಸೇರಿ ಅದನ್ನು ಮುಗಿಸಬೇಕು. ಮುಗಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೂ ನನಗೆ 100 ರೂಪಾಯಿ ಪರಿಹಾರ. ರಿಸರ್ವ್ ಬ್ಯಾಂಕಿನ ಈ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಭಾನುವಾರ, ಓಣಂ, ಇವತ್ತಿನ ಸ್ವಾತಂತ್ರ್ಯ ದಿನ ಯಾವುದಕ್ಕೂ ರಜೆ ಇಲ್ಲ. ಜುಲೈ 2ಕ್ಕೆ ಗಡುವು ಮುಗಿಯಿತು. ಇವತ್ತಿಗೆ 44 ದಿನ. 4,400 ರೂಪಾಯಿ.

ಇಬ್ಬರಲ್ಲಿ ಯಾರು ಕೊಡಬೇಕು? ಅದಕ್ಕೂ ಲೆಕ್ಕ ಇದೆ. ಕಂಪನಿಗೆ 21 ದಿನ, ಅಂದರೆ ಜೂನ್ 23ರವರೆಗೆ ಸಮಯ. 19ಕ್ಕೇ ಕಳಿಸಿದ್ದು ನಿಜವಾದರೆ ತಡ ಬ್ಯೂರೋದ್ದು, ಅವರು ಕೊಡಲಿ. ಕಳಿಸದಿದ್ದರೆ ಕಂಪನಿ ಕೊಡಲಿ. ಕಳಿಸಿದ ಫೈಲಿನ ರಶೀದಿಯನ್ನು ಮಧ್ಯದಲ್ಲಿಟ್ಟು ಇಬ್ಬರೂ ಜಗಳಾಡಿಕೊಳ್ಳಿ. ಆ ಜಗಳ ನೋಡಲು ನಾನು `cms.rbi.org.in` ನಲ್ಲಿ ಓಂಬುಡ್ಸ್‌ಮನ್ನರನ್ನೂ ಕರೆದಿದ್ದೇನೆ. ಅಲ್ಲಿ ದೂರು ಹಾಕಲು ಫೀಸಿಲ್ಲ ಅಂತ ಎರಡು ಸಲ ಓದಿ ಖಾತ್ರಿ ಮಾಡಿಕೊಂಡೆ.

ನೀವು ತಡ ಮಾಡಿದ ಚೌಕಗಳನ್ನು ಈಗ ನಮ್ಮ ಅಡುಗೆಕೋಣೆಯ ಕ್ಯಾಲೆಂಡರಿನಲ್ಲಿ ನಾನೂ ತುಂಬುತ್ತಿದ್ದೇನೆ. ಇವತ್ತಿಗೆ `044`. ಹಾಲಿನ ಲೆಕ್ಕಕ್ಕೆ ಜಾಗ ಇಲ್ಲ ಅಂತ ಇವಳಿಗೆ ಸಿಟ್ಟು.

ಪರಿಹಾರದ ದುಡ್ಡು ನನ್ನ ಖಾತೆಗೆ ಬಂದ ಕೂಡಲೇ, ನಿಮ್ಮಿಂದ ಬಾಕಿ ಇಲ್ಲ ಎಂದು ನಾನೂ ಒಂದು ಪತ್ರ ಬರೆದುಕೊಡುತ್ತೇನೆ. ಜೋಪಾನವಾಗಿ ಇಟ್ಟುಕೊಳ್ಳಿ, ಅಟ್ಟದಲ್ಲಿ ಮಾತ್ರ ಬೇಡ. ಎರಡನೇ ಪ್ರತಿಗೆ 118 ರೂಪಾಯಿ.