ರೆಜ್ಯುಮೆಯಿಂದ ನಾನು ಅಳಿಸಿದ ಸಾಲು

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿರುವ ಎಲೆಕ್ಟ್ರಿಕಲ್ ಸಾಮಾನಿನ ಸಗಟು ಅಂಗಡಿಯೊಂದರಲ್ಲಿ ಹದಿನಾಲ್ಕು ವರ್ಷ ಲೆಕ್ಕಪತ್ರ ನೋಡಿಕೊಂಡ ನಾನು, ಡೇಟಾ ಅನಾಲಿಸ್ಟ್ ಕೆಲಸಕ್ಕೆ ಅರ್ಜಿ ಹಾಕಲು ಕುಳಿತಾಗ ರೆಜ್ಯುಮೆಯಲ್ಲಿ ಬರೆದದ್ದು "ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ರಿಟರ್ನ್" ಎಂದಷ್ಟೇ. ಯಾವ ಪ್ರಶ್ನೆಗೆ ಉತ್ತರ ಹುಡುಕಿದ್ದೆ ಎಂಬುದು ಅದರಲ್ಲಿ ಇರಲೇ ಇಲ್ಲ.

ಮಾರಾಟಗಾರರು ನಮ್ಮ ಹೆಸರಿನಲ್ಲಿ ತೋರಿಸಿದ ಬಿಲ್‌ಗಳ ಪಟ್ಟಿಯಾಗಿ ಪ್ರತಿ ತಿಂಗಳು 14ರಂದು ಜಿಎಸ್‌ಟಿ ಪೋರ್ಟಲ್‌ನಲ್ಲಿ ಬರುವ ಜಿಎಸ್‌ಟಿಆರ್-2ಬಿಯನ್ನು ನಮ್ಮ ಖರೀದಿ ಪುಸ್ತಕದೊಂದಿಗೆ ತಾಳೆ ನೋಡುವುದು ನನ್ನ ಕೆಲಸವಾಗಿತ್ತು. ಮಾರಾಟಗಾರರು ಅಲ್ಲಿ ತೋರಿಸದ ಬಿಲ್‌ನ ತೆರಿಗೆಯನ್ನು 2022ರ ಜನವರಿಯಿಂದ ಇನ್‌ಪುಟ್ ಕ್ರೆಡಿಟ್ ಆಗಿ ಪಡೆದು, ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವಂತಿಲ್ಲ. ತಾಳೆಯಾಗದವುಗಳಲ್ಲಿ ಎಷ್ಟೋ ಬಿಲ್‌ಗಳು ಬರೆಯುವ ರೀತಿಯಿಂದಲೇ ತಪ್ಪಿಹೋಗುತ್ತಿದ್ದವು: ಅವರು ಓರೆಗೆರೆ ಹಾಕಿದ್ದ ಕಡೆ ನಮ್ಮವರು ಅಡ್ಡಗೆರೆ ಹಾಕಿರುತ್ತಿದ್ದರು. ಅದಕ್ಕೆ ಈ ಸೂತ್ರ ಹಚ್ಚಿದೆ:

```
=SUBSTITUTE(SUBSTITUTE(UPPER(TRIM(A2)),"/",""),"-","")
```

ಇದರಲ್ಲಿ ಒಂದು ಅಪಾಯವಿದೆ. 1/12 ಮತ್ತು 11/2 ಎಂಬ ಎರಡು ಬೇರೆ ಬಿಲ್‌ಗಳು ಗೆರೆ ಹೋದ ಮೇಲೆ 112 ಎಂಬ ಒಂದೇ ಸಂಖ್ಯೆಯಾಗುತ್ತವೆ. ಆದ್ದರಿಂದ ಮಾರಾಟಗಾರರ ಜಿಎಸ್‌ಟಿ ನಂಬರ್, ಬಿಲ್ ದಿನಾಂಕ ಮತ್ತು ತೆರಿಗೆ ಮೊತ್ತವೂ ತಾಳೆಯಾದರೆ ಮಾತ್ರ ಜೋಡಿ ಎಂದು ಒಪ್ಪುತ್ತಿದ್ದೆ. ಮೊತ್ತದಲ್ಲಿ ಒಂದು ರೂಪಾಯಿಯ ಒಳಗಿನ ವ್ಯತ್ಯಾಸವನ್ನು ಬಿಟ್ಟುಬಿಡುತ್ತಿದ್ದೆ. ಅನಾಲಿಸ್ಟ್‌ಗಳು ಕ್ಲೀನಿಂಗ್, ಜಾಯಿನ್ ಎನ್ನುವುದು ಇದನ್ನೇ.

ಆಮೇಲೂ ಉಳಿದ ಬಿಲ್‌ಗಳನ್ನು ಮಾರಾಟಗಾರರವಾರು ಕೂಡಿಸಿದಾಗ, ಬಾಕಿ ಕ್ರೆಡಿಟ್‌ನ ದೊಡ್ಡ ಪಾಲು ಮೂವರ ಹೆಸರಿನಲ್ಲೇ ಇತ್ತು. ಮೂವರೂ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು. ಅಂಥವರು ತ್ರೈಮಾಸಿಕದ ಮೊದಲೆರಡು ತಿಂಗಳ ಬಿಲ್‌ಗಳನ್ನು ಮುಂದಿನ ತಿಂಗಳ 13ರೊಳಗೆ ಐಎಫ್‌ಎಫ್ ಸೌಲಭ್ಯದಲ್ಲಿ ಹಾಕಬಹುದು. ಹಾಕದಿದ್ದರೆ ನಮ್ಮ ಕ್ರೆಡಿಟ್ ತ್ರೈಮಾಸಿಕ ಮುಗಿಯುವವರೆಗೂ ಕಾಯಬೇಕು. ನಮ್ಮ ಸಾಹುಕಾರರು ಆ ಪಟ್ಟಿ ನೋಡಿ, "ಇವರಿಗೆ ನಾನೇ ಫೋನ್ ಮಾಡ್ತೀನಿ" ಎಂದರು. ಇಬ್ಬರು ಒಪ್ಪಿದರು.

ಇದನ್ನು ನಾನು ರೆಜ್ಯುಮೆಯಲ್ಲಿ "ಅಂಗಡಿಗೆ 6 ಲಕ್ಷ ರೂಪಾಯಿ ಉಳಿಸಿದೆ" ಎಂದು ಬರೆದೆ. ಸಂದರ್ಶನದಲ್ಲಿ ಒಬ್ಬರು, "ನೀವು ಏನೂ ಮಾಡದಿದ್ದರೆ ಆ ಹಣ ಹೋಗುತ್ತಿತ್ತೇ?" ಎಂದು ಕೇಳಿದರು. ಹೋಗುತ್ತಿರಲಿಲ್ಲ. ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30ರವರೆಗೆ, ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿರದಿದ್ದರೆ, ಆ ಕ್ರೆಡಿಟ್ ಪಡೆಯಲು ಅವಕಾಶವಿದೆ. ಹಣ ಉಳಿದಿರಲಿಲ್ಲ, ಬೇಗ ಕೈಗೆ ಬಂದಿತ್ತು. ಎರಡರ ನಡುವಿನ ಅಂತರ ಲೆಕ್ಕಿಗನಾದ ನನಗೇ ಮೊದಲು ಹೊಳೆಯಬೇಕಿತ್ತೆಂದು ಇಂದಿಗೂ ಬೇಸರವಿದೆ.

ಆ ಸಾಲನ್ನು ಅಳಿಸಿ ಹೀಗೆ ಬರೆದಿದ್ದೇನೆ: "ತಿಂಗಳ ಸುಮಾರು 1,200 ಖರೀದಿ ಬಿಲ್‌ಗಳನ್ನು 2ಬಿಯೊಂದಿಗೆ ಹೊಂದಿಸುವ ವಿಧಾನ ರೂಪಿಸಿ, ಎರಡು ದಿನದ ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿದೆ, ಕ್ರೆಡಿಟ್ ತಡವಾಗಲು ಕಾರಣರಾದ ಮೂವರು ಮಾರಾಟಗಾರರನ್ನು ಗುರುತಿಸಿದೆ, ಇಬ್ಬರ ಬಿಲ್‌ಗಳು ಈಗ ಪ್ರತಿ ತಿಂಗಳು ಬರುತ್ತಿವೆ." ಮುಂದಿನ ಸಂದರ್ಶನದಲ್ಲಿ ಅರ್ಧ ಗಂಟೆ ಮಾತು ನಡೆದದ್ದು 1/12 ಮತ್ತು 11/2ರ ಬಗ್ಗೆಯೇ.